ಪ್ರಕಟಣೆಯಲ್ಲಿ ‘ಜೈನ’ ಎಂದಿದ್ದರೆ ಸಾಲದು: ಸೀಟಿಗೆ 3ಬಿ, ಹಣಕ್ಕೆ ಅಲ್ಪಸಂಖ್ಯಾತ

ಉಡುಪಿ: ಎಸೆಸೆಲ್ಸಿ, ಪಿಯುಸಿ ಫಲಿತಾಂಶ ಬರುತ್ತಿದ್ದಂತೆ ಸಮಾಜದ ವಾಟ್ಸಾಪ್ ಗುಂಪುಗಳಲ್ಲಿ ‘ಅರ್ಜಿ ಆಹ್ವಾನ’ಗಳ ಮಳೆ ಸುರಿಯುತ್ತದೆ. ವಿದ್ಯಾರ್ಥಿವೇತನ, ಶಿಕ್ಷಣ ಸಾಲ, ಶುಲ್ಕ ರಿಯಾಯಿತಿ, ಹಾಸ್ಟೆಲ್ ಪ್ರವೇಶ, ಹೀಗೆ ಒಂದರ ಹಿಂದೆ ಒಂದು. ಕಾರ್ಕಳದಿಂದ ಕಾಪುವಿನವರೆಗೆ ಎಲ್ಲ ಮನೆಗಳಲ್ಲೂ ಕೇಳಿಬರುವ ಮೊದಲ ಪ್ರಶ್ನೆ ಒಂದೇ: ‘ಇದು ಜೈನರಿಗೆ ಉಂಟಾ?’ ಪ್ರಕಟಣೆಯಲ್ಲಿ ‘ಜೈನ’ ಎಂಬ ಪದ ಕಂಡರೆ ಅರ್ಜಿ ಹಾಕುತ್ತಾರೆ, ಕಾಣದಿದ್ದರೆ ಬಿಟ್ಟುಬಿಡುತ್ತಾರೆ. ಅರ್ಹತೆ ಇದ್ದೂ ಅರ್ಜಿ ಹಾಕದವರು ಮತ್ತು ಅರ್ಹತೆ ಇಲ್ಲದೆ ಅರ್ಜಿ ಹಾಕಿ ತಿರಸ್ಕೃತರಾದವರು, ಎರಡು ಬಗೆಯವರೂ ಹೆಚ್ಚಾಗಿ ಎಡವುವುದು ಇದೇ ಒಂದು ಪ್ರಶ್ನೆಯಲ್ಲಿ.

ಕಾರಣ ಸರಳ. ಸರ್ಕಾರದ ಕಾಗದದಲ್ಲಿ ಕರಾವಳಿಯ ಜೈನ ಮಗು ಒಂದು ಕಾಲಂನಲ್ಲಿ ನಿಂತಿಲ್ಲ, ಎರಡರಲ್ಲಿ ನಿಂತಿದೆ. ಒಂದು ಧರ್ಮದ ಕಾಲಂ. 2014ರ ಜನವರಿ 27ರಂದು ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ಇದು ದಿಗಂಬರ, ಶ್ವೇತಾಂಬರ ಎಂಬ ಭೇದವಿಲ್ಲದೆ ಎಲ್ಲ ಜೈನರಿಗೂ ಅನ್ವಯ. ಇನ್ನೊಂದು ಜಾತಿಯ ಕಾಲಂ. ಕರ್ನಾಟಕ ಸರ್ಕಾರದ 2002ರ ಮಾರ್ಚ್ 30ರ ಆದೇಶದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ 3ಬಿಯೊಳಗೆ ‘ಜೈನ (ದಿಗಂಬರ)’ ಎಂದು ಬರೆದಿದೆ. ಬಂಟರು, ಮರಾಠರು, ಕ್ರೈಸ್ತರು, ವೀರಶೈವ ಲಿಂಗಾಯತರು ಇರುವ ಪ್ರವರ್ಗವೂ ಇದೇ. ಈ ಪ್ರವರ್ಗಕ್ಕೆ ಶೇಕಡಾ 5 ಮೀಸಲಾತಿ ಇದೆ. ಆವರಣದೊಳಗಿನ ‘ದಿಗಂಬರ’ ಎಂಬ ಪದವನ್ನು ಬಿಟ್ಟು ಓದಬಾರದು. ಬೆಂಗಳೂರು, ಹುಬ್ಬಳ್ಳಿಗಳಲ್ಲಿ ನೆಲೆಸಿರುವ ಶ್ವೇತಾಂಬರ ಕುಟುಂಬಗಳ ಮಕ್ಕಳು ಅಲ್ಪಸಂಖ್ಯಾತರು ಹೌದು, 3ಬಿ ಅಲ್ಲ. ಸಿಇಟಿಯಲ್ಲಿ ಅವರದು ಸಾಮಾನ್ಯ ವರ್ಗ.

ಹಾಗಾಗಿ ಪ್ರಕಟಣೆ ಕೈಗೆ ಬಂದಾಗ ‘ಜೈನರಿಗೆ ಉಂಟಾ’ ಎಂದು ಕೇಳುವ ಬದಲು ‘ಇದು ಯಾವ ಕಾಲಂನ ಕಾಗದ’ ಎಂದು ಕೇಳಬೇಕು. ಸ್ಥೂಲವಾಗಿ ಹೇಳುವುದಾದರೆ, ಸರ್ಕಾರಿ ಕೋಟಾದ ಸೀಟು ಹಂಚುವ ಪ್ರಕಟಣೆಗಳು ಜಾತಿಯ ಕಾಲಂ ನೋಡುತ್ತವೆ, ಅಲ್ಲಿ ಬೇಕಾದ್ದು 3ಬಿ. ಅಲ್ಪಸಂಖ್ಯಾತರ ಇಲಾಖೆ ಮತ್ತು ನಿಗಮದ ಹಣದ ಪ್ರಕಟಣೆಗಳು ಧರ್ಮದ ಕಾಲಂ ನೋಡುತ್ತವೆ. ಎರಡಕ್ಕೂ ಆದಾಯದ ಮಿತಿ ಬೇರೆ, ಪ್ರಮಾಣಪತ್ರ ಬೇರೆ, ದಿನಾಂಕ ಬೇರೆ.

ಮೊದಲು ಯಾವ ಸಾಲಿನದ್ದು ಎಂದು ನೋಡಿ

ಅಂಗಡಿಗೆ ಬಂದ ಬಿಲ್ಲಿನಲ್ಲಿ ಮೊತ್ತಕ್ಕಿಂತ ಮೊದಲು ದಿನಾಂಕ ನೋಡುವ ಅಭ್ಯಾಸ ನಮ್ಮವರಿಗೆ ಇದೆ. ವಿದ್ಯಾರ್ಥಿವೇತನದ ಪ್ರಕಟಣೆ ಬಂದಾಗ ಮಾತ್ರ ಕಣ್ಣು ನೇರವಾಗಿ ಮೊತ್ತಕ್ಕೆ ಹೋಗುತ್ತದೆ. ಗುಂಪುಗಳಲ್ಲಿ ಸುತ್ತುವ ಚಿತ್ರಗಳಲ್ಲಿ ಹಳೆಯವೂ ಬೇಕಾದಷ್ಟಿವೆ. ‘ಅಕ್ಟೋಬರ್ 31 ಕೊನೆಯ ದಿನ’ ಎಂದು ಇರುತ್ತದೆ, ಯಾವ ವರ್ಷದ ಅಕ್ಟೋಬರ್ ಎಂದು ಇರುವುದಿಲ್ಲ. ಚಿತ್ರದ ಮೇಲ್ಭಾಗ ಕತ್ತರಿಸಿ ಹೋಗಿದ್ದರೆ ಇಲಾಖೆಯ ಹೆಸರೂ ಇರುವುದಿಲ್ಲ. ಅಲ್ಪಸಂಖ್ಯಾತ ಸಮುದಾಯಗಳನ್ನು ಹೆಸರಿಸುವಾಗ ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ ಎಂದು ಐದನ್ನೇ ಬರೆದ ಕೇಂದ್ರ ಯೋಜನೆಯ ಪ್ರಕಟಣೆ ಕಂಡರೆ ಅದು 2014ಕ್ಕಿಂತ ಹಿಂದಿನದು, ಇಲ್ಲವೇ ಹಿಂದಿನದನ್ನು ನೋಡಿ ನಕಲು ಮಾಡಿದ್ದು ಎಂದು ತಿಳಿಯಬಹುದು.

ಈ ಎಚ್ಚರ ಹೆಚ್ಚು ಬೇಕಾಗಿರುವುದು ಕೇಂದ್ರ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯದ ಮೂರು ವಿದ್ಯಾರ್ಥಿವೇತನಗಳ ವಿಷಯದಲ್ಲಿ. ಮೆಟ್ರಿಕ್ ಪೂರ್ವ, ಮೆಟ್ರಿಕ್ ನಂತರ ಮತ್ತು ವೃತ್ತಿಪರ ಕೋರ್ಸ್‌ಗಳ ಮೆರಿಟ್-ಕಮ್-ಮೀನ್ಸ್, ಇವು ನಮ್ಮ ಅನೇಕ ಮನೆಗಳಿಗೆ ಪರಿಚಿತ. ಮೂರರ ಆದಾಯದ ಮಿತಿ ಒಂದೇ ಆಗಿರಲಿಲ್ಲ. ಮೆಟ್ರಿಕ್ ಪೂರ್ವಕ್ಕೆ ವಾರ್ಷಿಕ 1 ಲಕ್ಷ, ಮೆಟ್ರಿಕ್ ನಂತರಕ್ಕೆ 2 ಲಕ್ಷ, ಮೆರಿಟ್-ಕಮ್-ಮೀನ್ಸ್‌ಗೆ 2.5 ಲಕ್ಷ ರೂಪಾಯಿ. 2 ಲಕ್ಷದ 20 ಸಾವಿರ ಆದಾಯದ ಮನೆಯಲ್ಲಿ ಬಿಕಾಂ ಓದುವ ಅಣ್ಣ ಅನರ್ಹ, ಎಂಜಿನಿಯರಿಂಗ್ ಓದುವ ತಂಗಿ ಅರ್ಹಳು ಎಂಬಂತಹ ಸ್ಥಿತಿ ಇದರಿಂದಲೇ ಬರುತ್ತಿತ್ತು. ಕಚೇರಿಯವರ ತಪ್ಪೆಂದು ದೂರಿದವರಲ್ಲಿ ಹಲವರು ಪ್ರಕಟಣೆಯ ಆ ಒಂದು ಸಾಲನ್ನು ಓದಿರಲಿಲ್ಲ.

2022ರ ನವೆಂಬರ್‌ನಲ್ಲಿ ಕೇಂದ್ರವು ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೇ ತರಗತಿಗೆ ಸೀಮಿತಗೊಳಿಸಿತು. ಶಿಕ್ಷಣ ಹಕ್ಕು ಕಾಯ್ದೆಯಡಿ 8ರ ವರೆಗೆ ಉಚಿತ ಶಿಕ್ಷಣ ಇದೆ ಎಂಬುದು ಕೊಟ್ಟ ಕಾರಣ. ಅಷ್ಟು ಹೊತ್ತಿಗೆ ಚಿಕ್ಕ ಮಕ್ಕಳ ಅರ್ಜಿಗಳೂ ಸಲ್ಲಿಕೆಯಾಗಿದ್ದವು. 2023ರ ಆಗಸ್ಟ್‌ನಲ್ಲಿ ಇನ್ನೊಂದು ಸುದ್ದಿ ಬಂತು. ಸಚಿವಾಲಯ ಪರಿಶೀಲಿಸಿದ 1,572 ಸಂಸ್ಥೆಗಳಲ್ಲಿ 830 ನಕಲಿ ಎಂದು ಕಂಡು, 144 ಕೋಟಿ ರೂಪಾಯಿಗೂ ಹೆಚ್ಚಿನ ನಷ್ಟದ ಬಗ್ಗೆ ಸಿಬಿಐ ಪ್ರಕರಣ ದಾಖಲಾಯಿತು. ಈ ಯೋಜನೆಗಳಿಗೆ ಅನುಮೋದನೆ ಇದ್ದುದು 2021-22ರ ವರೆಗೆ ಎಂದು ಸಚಿವಾಲಯವೇ ಸಂಸತ್ತಿಗೆ ತಿಳಿಸಿದೆ. ಆದರೂ ಪ್ರತಿ ವರ್ಷ ಜೂನ್ ಬಂದರೆ ಹಳೆಯ ಮಿತಿ, ಹಳೆಯ ಮೊತ್ತದೊಂದಿಗೆ ಅದೇ ಚಿತ್ರ ಮತ್ತೆ ಸುತ್ತುತ್ತದೆ. ಇದಕ್ಕೆ ಪರೀಕ್ಷೆ ಒಂದೇ: scholarships.gov.in ತೆರೆದು ಯೋಜನೆಗಳ ಪಟ್ಟಿಯಲ್ಲಿ ಆ ಯೋಜನೆಯ ಹೆಸರು ಪ್ರಸಕ್ತ ಸಾಲಿನ ಕೊನೆಯ ದಿನಾಂಕದೊಂದಿಗೆ ಇದೆಯೇ ನೋಡುವುದು. ಇಲ್ಲದಿದ್ದರೆ ಕೈಯಲ್ಲಿರುವುದು ಹಳೆಯ ಕಾಗದ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಗಳಿಗೆ ಬೇರೆಯೇ ಪೋರ್ಟಲ್ ಇದೆ, ssp.karnataka.gov.in. ಕೇಂದ್ರದ್ದು ನಿಂತಿದೆ ಎಂದು ರಾಜ್ಯದ್ದನ್ನೂ ಬಿಟ್ಟುಬಿಡುವ ಮನೆಗಳಿವೆ. ಅದು ನಷ್ಟ.

ಒಂದು ಪ್ರಕಟಣೆ, ಒಂದು ಮನೆ

ಇನ್ನು ಒಂದು ಪ್ರಕಟಣೆಯನ್ನು ಹಿಡಿದು ಓದೋಣ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಶೈಕ್ಷಣಿಕ ಸಾಲ ಯೋಜನೆಯನ್ನು ಆರಿಸಿಕೊಳ್ಳಲು ಕಾರಣವಿದೆ. ಎಂಜಿನಿಯರಿಂಗ್, ವೈದ್ಯಕೀಯ ಮೊದಲಾದ ಕೋರ್ಸ್‌ಗೆ ಸೇರುವ ಜೈನ ಮಕ್ಕಳಿಗೆ ನೇರವಾಗಿ ಉಪಯೋಗಕ್ಕೆ ಬರುವ ಯೋಜನೆ ಇದು. ಇತ್ತೀಚಿನ ಸಾಲುಗಳಲ್ಲಿ ಆದಾಯದ ಮಿತಿ 8 ಲಕ್ಷ ಆಗಿರುವುದರಿಂದ ‘ನಮಗೆಲ್ಲಿ ಸಿಗುತ್ತದೆ’ ಎಂದುಕೊಂಡ ಮಧ್ಯಮ ವರ್ಗದ ಮನೆಗಳೂ ಇದರೊಳಗೆ ಬರುತ್ತವೆ.

ಮನೆ ಹೀಗಿದೆ ಎಂದುಕೊಳ್ಳಿ. ಕಾರ್ಕಳ ತಾಲೂಕಿನ ಬಜಗೋಳಿ ಕಡೆಯ ಕುಟುಂಬ. ತಂದೆಗೆ ಸ್ವಲ್ಪ ಅಡಿಕೆ ತೋಟ, ಜೊತೆಗೆ ಒಂದು ಸಣ್ಣ ದಿನಸಿ ಅಂಗಡಿ. ಮಗಳು ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿ ಎಂಜಿನಿಯರಿಂಗ್ ಸೇರಬೇಕು. ಸಿಇಟಿ ಬರೆದಿದ್ದಾಳೆ, ಮಣಿಪಾಲದ ಎಂಇಟಿಯನ್ನೂ ಬರೆದಿದ್ದಾಳೆ. ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಎರಡು ಕಾಗದಗಳಿವೆ. ತಂದೆಯ ಹೆಸರಿನ ಹಳೆಯ ಜಾತಿ ಪ್ರಮಾಣಪತ್ರ ಒಂದು, ಆರು ವರ್ಷದ ಹಿಂದೆ ಅಣ್ಣನ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ ಆದಾಯ ಪ್ರಮಾಣಪತ್ರ ಇನ್ನೊಂದು.

ಇಂತಹ ಪ್ರಕಟಣೆಯ ಮುಖ್ಯ ವಾಕ್ಯ ಸಾಮಾನ್ಯವಾಗಿ ಹೀಗಿರುತ್ತದೆ: ಪ್ರಸಕ್ತ ಸಾಲಿನಲ್ಲಿ ಸಿಇಟಿ ಅಥವಾ ನೀಟ್ ಮೂಲಕ ವೃತ್ತಿಪರ ಕೋರ್ಸ್‌ಗಳಿಗೆ ಆಯ್ಕೆಯಾಗುವ, ರಾಜ್ಯದ ಖಾಯಂ ನಿವಾಸಿಗಳಾದ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರದ ಮತೀಯ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಂದ ಸಾಲಕ್ಕಾಗಿ ಅರ್ಜಿ ಆಹ್ವಾನಿಸಲಾಗಿದೆ. ಒಂದೇ ಉಸಿರಿನ ವಾಕ್ಯ. ಆದರೆ ಅದರೊಳಗೆ ಐದು ಗೇಟುಗಳಿವೆ. ಎಲ್ಲವನ್ನೂ ದಾಟಿದರೆ ಮಾತ್ರ ಒಳಗೆ, ನಾಲ್ಕು ದಾಟಿ ಒಂದರಲ್ಲಿ ಸಿಕ್ಕಿಕೊಂಡರೂ ಹೊರಗೆ. ವಾಕ್ಯವನ್ನು ಹಿಂದಿನಿಂದ ಮುಂದಕ್ಕೆ ಬಿಡಿಸುತ್ತ ಹೋದರೆ ಕೆಲಸ ಸುಲಭ.

ಕೊನೆಯಲ್ಲಿ ಇರುವುದು ‘ಸಾಲಕ್ಕಾಗಿ’. ಇದು ವಿದ್ಯಾರ್ಥಿವೇತನ ಅಲ್ಲ, ಶೇಕಡಾ 2 ಸೇವಾಶುಲ್ಕದ ಸಾಲ. ಓದು ಮುಗಿದ ಮೇಲೆ ಕಂತಿನಲ್ಲಿ ತೀರಿಸಬೇಕು. ಬೇಕಾದ ದಾಖಲೆಗಳಲ್ಲಿ ಇಂಡೆಮ್ನಿಟಿ ಬಾಂಡ್, ಪೋಷಕರ ಒಪ್ಪಿಗೆ ಪತ್ರ ಎಂದು ಇರುವುದು ಈ ಕಾರಣಕ್ಕೆ. ‘ವಿದ್ಯಾರ್ಥಿವೇತನಕ್ಕೆ ಬಾಂಡ್ ಯಾಕೆ’ ಎಂದು ಗಾಬರಿಯಾಗಿ ಅರ್ಜಿ ಬಿಡುವವರು ಮೊದಲೇ ಈ ಪದ ನೋಡಿದ್ದರೆ ಗಾಬರಿ ಇರುತ್ತಿರಲಿಲ್ಲ.

ಅದರ ಹಿಂದೆ ‘ಮತೀಯ ಅಲ್ಪಸಂಖ್ಯಾತ’. ‘ಜೈನ’ ಎಂಬ ಪದ ತಲೆಬರಹದಲ್ಲಿ ಇಲ್ಲದಿದ್ದರೂ ಇದರೊಳಗೆ ಜೈನರು ಬರುತ್ತಾರೆ. ಮುಸ್ಲಿಂ, ಕ್ರೈಸ್ತ, ಜೈನ, ಬೌದ್ಧ, ಸಿಖ್, ಪಾರ್ಸಿ ಎಂಬ ಆರು ಸಮುದಾಯಗಳಿಗೆ ಇಲಾಖೆ ಬಳಸುವ ಮಾತು ಇದು. ‘ಮತೀಯ’ ಎಂಬಲ್ಲಿ ‘ಭಾಷಾ’ ಎಂದಿದ್ದರೆ ವಿಷಯವೇ ಬೇರೆ. ತುಳು ಮನೆಮಾತಿನ ಕುಟುಂಬಗಳಿಗೆ ಕೆಲವು ಖಾಸಗಿ ಕಾಲೇಜುಗಳ ಪ್ರವೇಶದಲ್ಲಿ ಭಾಷಾ ಅಲ್ಪಸಂಖ್ಯಾತ ಎಂಬ ಪದ ಕಾಣಸಿಗುತ್ತದೆ. ಅದಕ್ಕೂ ಧರ್ಮಕ್ಕೂ ಸಂಬಂಧವಿಲ್ಲ. ನಮ್ಮ ಬಜಗೋಳಿಯ ಹುಡುಗಿ ಎರಡನೆಯ ಗೇಟನ್ನೂ ದಾಟಿದಳು. ಗಮನಿಸಿ, ಇಲ್ಲಿ 3ಬಿ ಎಂಬ ಮಾತೇ ಬಂದಿಲ್ಲ.

ಆದಾಯ ಮತ್ತು ನಿವಾಸದ ಗೇಟುಗಳು ಈ ಮನೆಗೆ ಕಷ್ಟವಲ್ಲ. ಆದರೆ ಮನೆಯವರ ಬಾಯಿಮಾತಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ, ತಹಶೀಲ್ದಾರರ ಪ್ರಮಾಣಪತ್ರದಲ್ಲಿ ಬರೆದ ಅಂಕಿಯೇ ಆದಾಯ. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಅಣ್ಣನ ಕಾಲದ ಕಾಗದಕ್ಕೆ ಆರು ವರ್ಷವಾಗಿದೆ, ಅದರ ಮೇಲಿನ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಹಾಕಿದರೆ ಸ್ವೀಕಾರವಾಗುವುದಿಲ್ಲ. ಅರ್ಜಿಯ ಕೊನೆಯ ದಿನದಂದು ಪ್ರಮಾಣಪತ್ರ ಜೀವಂತವಾಗಿರಬೇಕು, ಮಾಡಿಸಿದ ದಿನ ಜೀವಂತವಾಗಿದ್ದರೆ ಸಾಲದು.

ವಾಕ್ಯದ ಮೊದಲಲ್ಲಿ ಇರುವ ‘ಸಿಇಟಿ ಅಥವಾ ನೀಟ್ ಮೂಲಕ’ ಎಂಬುದೇ ಕೊನೆಯ ಗೇಟು, ನಮ್ಮ ಜಿಲ್ಲೆಯ ಮಟ್ಟಿಗೆ ಇದೇ ದೊಡ್ಡದು. ಇದು ಕೋರ್ಸಿನ ಮಾತಲ್ಲ, ಸೀಟು ಬಂದ ದಾರಿಯ ಮಾತು. ಮಣಿಪಾಲದ ಎಂಐಟಿಗೆ ಪ್ರವೇಶ ಸಿಗುವುದು ಆ ವಿಶ್ವವಿದ್ಯಾಲಯದ ಸ್ವಂತ ಪರೀಕ್ಷೆಯಾದ ಎಂಇಟಿಯಿಂದ. ಕಾಪು ತಾಲೂಕಿನ ಬಂಟಕಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಸೀಟು ಪಡೆದರೆ ಅದು ಸಿಇಟಿ ದಾರಿ. ಅದೇ ಕಾಲೇಜಿನಲ್ಲಿ ಆಡಳಿತ ಮಂಡಳಿ ಕೋಟಾದಲ್ಲಿ ಸೇರಿದರೆ ಅಲ್ಲ. ಹುಡುಗಿ ಒಬ್ಬಳೇ, ಕೋರ್ಸೂ ಒಂದೇ, ಆದರೆ ಸೀಟು ಯಾವ ದಾರಿಯಲ್ಲಿ ಬಂತು ಎಂಬುದರ ಮೇಲೆ ಒಳಗೋ ಹೊರಗೋ ಎಂಬುದು ನಿಂತಿದೆ. ಸೀಟು ಆರಿಸುವ ಮೊದಲೇ ಇದು ಗೊತ್ತಿದ್ದರೆ ಖರ್ಚಿನ ಲೆಕ್ಕ ಬೇರೆಯಾಗುತ್ತದೆ. ಮಣಿಪಾಲದಂತಹ ಸ್ವಾಯತ್ತ ವಿಶ್ವವಿದ್ಯಾಲಯ ಸೇರುವವರು ನೋಡಬೇಕಾದ್ದು ಆ ಸಂಸ್ಥೆಯದೇ ರಿಯಾಯಿತಿ ಪ್ರಕಟಣೆಗಳನ್ನು. ಅವುಗಳಲ್ಲಿ ಗಮನಿಸಬೇಕಾದ ಸಾಲು ಎರಡು: ರಿಯಾಯಿತಿ ಮೊದಲ ವರ್ಷಕ್ಕೋ ಪೂರ್ತಿ ಕೋರ್ಸಿಗೋ, ಮತ್ತು ಮುಂದುವರಿಯಲು ಎಷ್ಟು ಅಂಕ ಉಳಿಸಿಕೊಳ್ಳಬೇಕು.

ಅರ್ಹತೆಯ ವಾಕ್ಯ ಧರ್ಮವನ್ನೇ ಕೇಳದ ಪ್ರಕಟಣೆಗಳೂ ಇವೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸುಜ್ಞಾನನಿಧಿ ಶಿಷ್ಯವೇತನ ಜೈನರಿಗೆಂದು ಇರುವುದೆಂದು ಕೆಲವರು ಭಾವಿಸಿದ್ದಾರೆ. ಅಲ್ಲಿ ಕೇಳುವುದು ಯೋಜನೆಯ ಸ್ವಸಹಾಯ ಸಂಘದ ಸದಸ್ಯತ್ವ. ಸದಸ್ಯರಲ್ಲದ ಜೈನ ಮನೆಗೆ ಅದು ಇಲ್ಲ, ಸದಸ್ಯರಾದ ಯಾವ ಮನೆಗೂ ಜಾತಿ ಅಡ್ಡಿಯಲ್ಲ.

ಕೊನೆಯ ದಿನ ಒಂದಲ್ಲ

ಮೇಲಿನ ಹುಡುಗಿಯ ವಿಷಯದಲ್ಲಿ ನಿಜವಾದ ನಷ್ಟ ಆಗಬಹುದಾದ ಜಾಗ ಅರಿವು ಸಾಲ ಅಲ್ಲ, ಅದಕ್ಕೂ ನಾಲ್ಕೈದು ತಿಂಗಳ ಹಿಂದಿನದು. ಸಿಇಟಿಯ ಅರ್ಜಿ ತುಂಬುವುದು ಜನವರಿ-ಫೆಬ್ರವರಿಯಲ್ಲಿ. 2024ರಲ್ಲಿ ಪರೀಕ್ಷೆ ಏಪ್ರಿಲ್ 18 ಮತ್ತು 19ರಂದು ನಡೆಯಿತು, 2025ರಲ್ಲೂ ಏಪ್ರಿಲ್ ಮಧ್ಯದಲ್ಲೇ. 3ಬಿ ಎಂದು ಹಕ್ಕು ಕೇಳಬೇಕಾದ್ದು ಆ ಅರ್ಜಿಯಲ್ಲಿ. ಫಲಿತಾಂಶ ಬಂದ ಮೇಲೆ, ರ‍್ಯಾಂಕ್ ನೋಡಿಕೊಂಡು ‘3ಬಿ ಹಾಕೋಣ’ ಎಂದರೆ ಆಗುವುದಿಲ್ಲ. ತಿದ್ದುಪಡಿಗೆ ಪ್ರಾಧಿಕಾರ ಅವಕಾಶ ಕೊಟ್ಟರೆ ಆ ಕೆಲವು ದಿನ ಮಾತ್ರ.

3ಬಿ ಹಕ್ಕಿಗೆ ಬೇಕಾದ ಕಾಗದ ‘ನಮೂನೆ-ಎಫ್’ನ ಜಾತಿ ಮತ್ತು ಆದಾಯ ಪ್ರಮಾಣಪತ್ರ. 2ಎ, 2ಬಿ, 3ಎ, 3ಬಿ ಪ್ರವರ್ಗಗಳಿಗೆಲ್ಲ ಇದೇ ನಮೂನೆ. ಕೆನೆಪದರದ ಮಿತಿಯೂ ಇದಕ್ಕಿದೆ, ತಂದೆ ತಾಯಿಯ ಒಟ್ಟು ಆದಾಯ ವರ್ಷಕ್ಕೆ 8 ಲಕ್ಷದ ಒಳಗೆ. ಅರಿವು ಸಾಲಕ್ಕೂ 8 ಲಕ್ಷ, ಇದಕ್ಕೂ 8 ಲಕ್ಷ. ಅಂಕಿ ಒಂದೇ ಆದ್ದರಿಂದ ಕಾಗದವೂ ಒಂದೇ ಎಂದು ತಿಳಿಯುವುದು ಸಹಜ, ಆದರೆ ಬರಿಯ ಆದಾಯ ಪ್ರಮಾಣಪತ್ರದಲ್ಲಿ ಜಾತಿಯ ಪ್ರವರ್ಗ ಇರುವುದಿಲ್ಲ. ಅದನ್ನು ಹಾಕಿದರೆ 3ಬಿ ಸಿಗದು.

ಇನ್ನೊಂದು ಸಂಗತಿ. ಈ ಪ್ರಮಾಣಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಪೆಟ್ಟಿಗೆಯಲ್ಲಿರುವ ತಂದೆಯ ಕಾಗದ ಹೊಸತನ್ನು ಮಾಡಿಸಲು ಆಧಾರವಾದೀತು, ಅರ್ಜಿಗೆ ಅಲ್ಲ. ಪ್ರಮಾಣಪತ್ರದ ಮೇಲ್ಭಾಗದಲ್ಲಿ RD ಎಂದು ಆರಂಭವಾಗಿ 13 ಅಂಕಿಗಳಿರುವ ಸಂಖ್ಯೆ ಇರುತ್ತದೆ. ಅರ್ಜಿಯಲ್ಲಿ ಅದನ್ನು ಹಾಕಿದ ಕೂಡಲೇ ಕಂದಾಯ ಇಲಾಖೆಯ ದಾಖಲೆಯಲ್ಲಿರುವ ಹೆಸರು, ಜಾತಿ, ಪ್ರವರ್ಗ ತಾಳೆಯಾಗುತ್ತದೆ. ತಾಳೆಯಾಗದಿದ್ದರೆ ವಿದ್ಯಾರ್ಥಿ ಸಾಮಾನ್ಯ ವರ್ಗಕ್ಕೆ ಹೋಗುತ್ತಾನೆ. ಪರದೆಯ ಮೇಲೆ ‘ಜಿಎಂ’ ಎಂದು ಕಂಡರೆ ಅರ್ಜಿ ಮುಗಿಸದೆ ಅಲ್ಲೇ ನಿಲ್ಲಬೇಕು.

ಈ ಲೆಕ್ಕದಲ್ಲಿ ಹಿಂದಕ್ಕೆ ಎಣಿಸಿದರೆ ಬಜಗೋಳಿಯ ಮನೆಯವರು ನಾಡಕಚೇರಿಗೆ ಹೋಗಬೇಕಾದ್ದು ದ್ವಿತೀಯ ಪಿಯುಸಿಯ ಅಕ್ಟೋಬರ್-ನವೆಂಬರ್‌ನಲ್ಲಿ. ಗ್ರಾಮ ಆಡಳಿತಾಧಿಕಾರಿಯ ವರದಿ, ಕಂದಾಯ ನಿರೀಕ್ಷಕರ ವರದಿ, ತಹಶೀಲ್ದಾರರ ಒಪ್ಪಿಗೆ ಆಗಿ ಬರುವಾಗ ವಾರಗಳೇ ಹೋಗುತ್ತವೆ. ಮೇ ತಿಂಗಳಲ್ಲಿ ಎಲ್ಲ ಮನೆಗಳವರೂ ಒಟ್ಟಿಗೆ ಹೋದಾಗ ಇನ್ನೂ ತಡ.

ಪ್ರಕಟಣೆಯೊಳಗೇ ಬೇರೆ ಬೇರೆ ದಿನಾಂಕಗಳು ಇರುವುದೂ ಉಂಟು. ಕೇಂದ್ರದ ಪೋರ್ಟಲ್‌ನಲ್ಲಿ ವಿದ್ಯಾರ್ಥಿಯ ಕೊನೆಯ ದಿನ, ಕಾಲೇಜಿನವರು ಪರಿಶೀಲಿಸುವ ಕೊನೆಯ ದಿನ, ಜಿಲ್ಲಾ ಮಟ್ಟದ ಪರಿಶೀಲನೆಯ ಕೊನೆಯ ದಿನ ಎಂದು ಪ್ರತ್ಯೇಕವಾಗಿ ಬರೆದಿರುತ್ತಾರೆ. ಮೊದಲನೆಯದರೊಳಗೆ ಅರ್ಜಿ ಹಾಕಿ ನೆಮ್ಮದಿಯಿಂದ ಇದ್ದವರ ಅರ್ಜಿ ಎರಡನೆಯ ದಿನಾಂಕ ದಾಟಿ ಕಾಲೇಜಿನ ಲಾಗಿನ್‌ನಲ್ಲೇ ಉಳಿದ ಉದಾಹರಣೆಗಳಿವೆ. ನಕಲಿ ಸಂಸ್ಥೆಗಳ ಪ್ರಕರಣದ ನಂತರ ಪರಿಶೀಲನೆ ಬಿಗಿಯಾಗಿದೆ. ಅರ್ಜಿಯ ಪ್ರಿಂಟ್ ಮತ್ತು ದಾಖಲೆಗಳ ಪ್ರತಿಯನ್ನು ಕಾಲೇಜಿನ ನೋಡಲ್ ಅಧಿಕಾರಿಗೆ ಕೊಟ್ಟು, ಒಂದು ವಾರ ಬಿಟ್ಟು ಪೋರ್ಟಲ್‌ನಲ್ಲಿ ಅರ್ಜಿಯ ಸ್ಥಿತಿ ನೋಡಬೇಕು. ‘ದೋಷಯುಕ್ತ’ ಎಂದು ಹಿಂದಿರುಗಿಸಿದ್ದರೆ ತಿದ್ದಲು ಅವಕಾಶವಿದೆ, ‘ತಿರಸ್ಕೃತ’ ಎಂದಿದ್ದರೆ ಮುಗಿಯಿತು. ಇವೆರಡೂ ಒಂದೇ ಅಲ್ಲ.

ಸಿಇಟಿಯ ಗ್ರಾಮೀಣ ಹಕ್ಕಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಇದಕ್ಕೆ 1ರಿಂದ 10ನೇ ತರಗತಿಯವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಹಳ್ಳಿಯಲ್ಲಿ ಏಳನೆಯ ತರಗತಿ ಮುಗಿಸಿ ಕಾರ್ಕಳ ಪೇಟೆಗೋ ಮೂಡುಬಿದಿರೆಗೋ ಹೈಸ್ಕೂಲಿಗೆ ಬಂದ ಮಕ್ಕಳಿಗೆ ಇದು ಸಿಗುವುದಿಲ್ಲ, ಎರಡೂ ಪುರಸಭೆಯ ವ್ಯಾಪ್ತಿ. ಮನೆ ಹಳ್ಳಿಯಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಹೆಸರು, ತಾಲೂಕು, ಖಾತೆ

ದಾಖಲೆಗಳ ಪಟ್ಟಿಯನ್ನು ಎಲ್ಲರೂ ಓದುತ್ತಾರೆ, ಜೆರಾಕ್ಸ್ ಮಾಡಿಸುತ್ತಾರೆ. ದಾಖಲೆ ಇಲ್ಲದೆ ತಿರಸ್ಕೃತವಾಗುವುದು ಕಡಿಮೆ. ಇದ್ದ ದಾಖಲೆಗಳು ಒಂದಕ್ಕೊಂದು ಒಪ್ಪದೆ ಇರುವುದೇ ಹೆಚ್ಚು, ಮತ್ತು ನಮ್ಮ ಜಿಲ್ಲೆಯ ಜೈನ ಮನೆಗಳಿಗೆ ಇದರಲ್ಲಿ ಕೆಲವು ವಿಶೇಷ ತೊಡಕುಗಳಿವೆ.

ಮೊದಲನೆಯದು ಉಪನಾಮ. ತುಳುನಾಡಿನ ಜೈನರಲ್ಲಿ ಅಳಿಯಕಟ್ಟಿನ ಸಂಪ್ರದಾಯ ಇದ್ದುದರಿಂದ ಮಕ್ಕಳಿಗೆ ತಾಯಿಯ ಮನೆತನದ ಹೆಸರು ಬರುವುದುಂಟು. ತಂದೆಯ ಉಪನಾಮ ಒಂದು, ಮಗುವಿನದು ಇನ್ನೊಂದು. ಹೊರ ಜಿಲ್ಲೆಯ ಅಧಿಕಾರಿಗೆ ಇದು ಅಪರಿಚಿತ. ಹೆಗ್ಡೆ, ಬಲ್ಲಾಳ ಮುಂತಾದ ಉಪನಾಮಗಳು ಬಂಟರಲ್ಲೂ ಇರುವುದರಿಂದ ಹೆಸರು ನೋಡಿ ಧರ್ಮ ತಿಳಿಯುವುದೂ ಇಲ್ಲ. ಇದಕ್ಕೆ ಮದ್ದು ಉಪನಾಮ ಬದಲಿಸುವುದಲ್ಲ. ಎಸೆಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರನ್ನೇ ಅಕ್ಷರ ಬಿಡದೆ ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಖಾತೆ ಮೂರರಲ್ಲೂ ತರುವುದು. ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ ಇದ್ದು ಆಧಾರ್‌ನಲ್ಲಿ ‘ಜೈನ್’ ಎಂದು ಸೇರಿಸಿದ್ದರೆ ಕಂಪ್ಯೂಟರ್ ಇಬ್ಬರೆಂದು ತಿಳಿಯುತ್ತದೆ.

ಎರಡನೆಯದು ಶಾಲೆಯ ದಾಖಲೆ. ವರ್ಗಾವಣೆ ಪತ್ರದ ಧರ್ಮದ ಕಾಲಂನಲ್ಲಿ ‘ಹಿಂದೂ’ ಎಂದೂ ಜಾತಿಯ ಕಾಲಂನಲ್ಲಿ ‘ಜೈನ್’ ಎಂದೂ ಬರೆದ ಮಕ್ಕಳು ಈಗಲೂ ಇದ್ದಾರೆ. ಒಂದನೇ ತರಗತಿಗೆ ಸೇರಿಸುವಾಗ ಯಾರೋ ಬರೆದದ್ದು, ಹತ್ತು ವರ್ಷ ಯಾರೂ ನೋಡಲಿಲ್ಲ. ಅಲ್ಪಸಂಖ್ಯಾತರ ಅರ್ಜಿಯಲ್ಲಿ ಧರ್ಮ ‘ಜೈನ’ ಎಂದು ಆರಿಸಿ, ಆಧಾರವಾಗಿ ಈ ಪತ್ರ ಕೊಟ್ಟರೆ ಆಕ್ಷೇಪ ಬರುತ್ತದೆ. ತಿದ್ದುಪಡಿಗೆ ಮಗು ಶಾಲೆಯಲ್ಲಿ ಇರುವಾಗ ಮುಖ್ಯೋಪಾಧ್ಯಾಯರ ಬಳಿ ಹೋಗುವುದೇ ಸುಲಭದ ದಾರಿ. ಎಸೆಸೆಲ್ಸಿ ದಾಟಿದ ಮೇಲೆ ಅದೇ ಕೆಲಸಕ್ಕೆ ಓಡಾಟ ಹೆಚ್ಚು. 3ಬಿ ಬೇಕಾದವರ ಜಾತಿ ಪ್ರಮಾಣಪತ್ರದಲ್ಲಿ ‘ಜೈನ್’ ಎಂದಷ್ಟೇ ಇದೆಯೇ, ‘ಜೈನ ದಿಗಂಬರ’ ಎಂದಿದೆಯೇ ಎಂಬುದನ್ನೂ ಇದೇ ಹೊತ್ತಿಗೆ ನೋಡಿಕೊಳ್ಳಬೇಕು.

ಮೂರನೆಯದು ಊರಿನ ಹೆಸರು. ಕಾಪು ಈಗ ಪ್ರತ್ಯೇಕ ತಾಲೂಕು, ಮೊದಲು ಉಡುಪಿ ತಾಲೂಕಿನಲ್ಲಿತ್ತು. ಹೆಬ್ರಿ ಕಡೆಯ ಎಷ್ಟೋ ಗ್ರಾಮಗಳು ಕಾರ್ಕಳ ತಾಲೂಕಿನಲ್ಲಿದ್ದವು. ಉಡುಪಿ ಜಿಲ್ಲೆಯೇ ದಕ್ಷಿಣ ಕನ್ನಡದಿಂದ ಬೇರೆಯಾದದ್ದು 1997ರಲ್ಲಿ. ತಂದೆಯ ಶಾಲಾ ದಾಖಲೆಯಲ್ಲಿ ದಕ್ಷಿಣ ಕನ್ನಡ, ಆಧಾರ್‌ನಲ್ಲಿ ಉಡುಪಿ ತಾಲೂಕು, ಹೊಸ ಪ್ರಮಾಣಪತ್ರದಲ್ಲಿ ಕಾಪು ತಾಲೂಕು ಎಂದಿದ್ದರೆ ಹೆದರಬೇಕಿಲ್ಲ, ಮೂರೂ ನಿಜವೇ. ಆದರೆ ಪೋರ್ಟಲ್‌ನಲ್ಲಿ ತಾಲೂಕು ಆರಿಸುವಾಗ ಹಳೆಯ ಅಭ್ಯಾಸದಿಂದ ಉಡುಪಿ ಎಂದು ಒತ್ತದೆ ಈಗಿನ ಪ್ರಮಾಣಪತ್ರದಲ್ಲಿ ಇರುವ ತಾಲೂಕನ್ನೇ ಆರಿಸಬೇಕು.

ಇಷ್ಟೆಲ್ಲ ಸರಿಯಾಗಿ ಮಂಜೂರಾದ ಮೇಲೂ ಹಣ ಬರಲಿಲ್ಲ ಎಂಬ ದೂರು ಉಳಿಯುತ್ತದೆ. ಅರಿವು ಸಾಲದ ಹಣ ಶುಲ್ಕಕ್ಕೆಂದೇ ಹೋಗುತ್ತದೆ, ವಿದ್ಯಾರ್ಥಿಯ ಕೈಗೆ ಬರುವ ನಿರೀಕ್ಷೆ ಬೇಡ. ವಿದ್ಯಾರ್ಥಿವೇತನವಾದರೆ ಅರ್ಜಿಯ ಜೊತೆ ಯಾವ ಪಾಸ್‌ಬುಕ್ಕಿನ ಪ್ರತಿ ಕೊಟ್ಟಿದ್ದೀರಿ ಎಂಬುದಕ್ಕಿಂತ, ವಿದ್ಯಾರ್ಥಿಯ ಆಧಾರ್ ಕೊನೆಯದಾಗಿ ಯಾವ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆ ಎಂಬುದು ಮುಖ್ಯ. ಹಣ ಹೋಗುವುದು ಅಲ್ಲಿಗೆ. ಚಿಕ್ಕಂದಿನಲ್ಲಿ ಶಾಲೆಯವರು ತೆರೆಸಿ ಆಮೇಲೆ ಮರೆತುಹೋದ ಖಾತೆಗೆ ಹಣ ಹೋಗಿ ಕುಳಿತದ್ದೂ ಉಂಟು, ಖಾತೆ ನಿಷ್ಕ್ರಿಯವಾಗಿದ್ದು ಹಿಂದಿರುಗಿದ್ದೂ ಉಂಟು. ಆಧಾರ್‌ನ ಜಾಲತಾಣದಲ್ಲಿ ಮೊಬೈಲ್‌ಗೆ ಬರುವ ಒಟಿಪಿ ಹಾಕಿ Bank Seeding Status ನೋಡಿದರೆ ಬ್ಯಾಂಕಿನ ಹೆಸರು ಮತ್ತು ಅದು ಸಕ್ರಿಯವೇ ಎಂಬುದು ತಿಳಿಯುತ್ತದೆ. ಬೇರೆ ಬ್ಯಾಂಕ್ ಕಂಡರೆ ಈಗಿನ ಬ್ಯಾಂಕಿನ ಶಾಖೆಗೆ ವಿದ್ಯಾರ್ಥಿಯೇ ಹೋಗಿ ‘ಆಧಾರ್ ಸೀಡಿಂಗ್’ ಅರ್ಜಿ ಕೊಡಬೇಕು. ‘ಆಧಾರ್ ಲಿಂಕ್ ಆಗಿದೆ’ ಎಂದು ಕೌಂಟರಿನಲ್ಲಿ ಹೇಳಿದರೆ ಅದು ಕೆವೈಸಿಗಾಗಿ ಆದದ್ದೋ, ಸರ್ಕಾರದ ಹಣ ಬರುವುದಕ್ಕಾಗಿ ಆದದ್ದೋ ಎಂದು ಕೇಳಿಕೊಳ್ಳಬೇಕು.